‘ಅದು ಮಾರ್ಫಿಂಗ್ ಬಿಡಿ’: ಹಾಸನದ ಹುಡುಗರ ಜೊತೆ ಒಂದು ಮಧ್ಯಾಹ್ನ

ಹಾಸನದ ಒಂದು ಕಾಲೇಜಿನಲ್ಲಿ ಫೇಸ್ ಸ್ವ್ಯಾಪ್ ಬಗ್ಗೆ ಮಾತಾಡಬೇಕು ಅಂತ ಕರೆ ಬಂದಾಗ ನಾನು ಒಂದು ಷರತ್ತು ಹಾಕಿದೆ. ವೇದಿಕೆ ಮೇಲೆ ಹೂಗುಚ್ಛ, ಶಾಲು ಬೇಡ, ಪ್ರಶ್ನೆಗೆ ಅರ್ಧ ಗಂಟೆ ಬೇಕು. ಶಾಲು ಹೊದಿಸಿಯೇಬಿಟ್ಟರು, ಆದರೆ ಅರ್ಧ ಗಂಟೆಯನ್ನೂ ಕೊಟ್ಟರು.

ನಾನು ಚನ್ನರಾಯಪಟ್ಟಣದ ಕಡೆಯವನು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದವನು, ಕೆಲಸ ಸಾಫ್ಟ್‌ವೇರ್. ಸಭಾಂಗಣದಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮದೇ ಸುತ್ತಲಿನ ಮಕ್ಕಳು. ಹೊಳೆನರಸೀಪುರದಿಂದ ಬೆಳಗಿನ ರೈಲು ಹಿಡಿದು ಬರುವವರು, ಅರಕಲಗೂಡಿನಿಂದ ಬಸ್ಸಿಗೆ ಬರುವವರು, ಹಾಸನದಲ್ಲೇ ಪಿಜಿಯಲ್ಲಿರುವವರು. ಎಲ್ಲರ ಕೈಯಲ್ಲೂ ಫೋನ್. ಇಂಥವರಿಗೆ ‘ಡೀಪ್‌ಫೇಕ್ ಅಂದರೇನು’ ಅಂತ ಪಾಠ ಮಾಡಿದರೆ ಎರಡನೇ ನಿಮಿಷಕ್ಕೆ ರೀಲ್ಸ್ ಶುರುವಾಗುತ್ತೆ. ಅದಕ್ಕೇ ಸ್ಟುಡಿಯೊ ಫೋಟೊದಿಂದ ಶುರು ಮಾಡಿದೆ.

‘ನಿಮ್ಮಲ್ಲಿ ಎಷ್ಟು ಜನ ಪಾಸ್‌ಪೋರ್ಟ್ ಸೈಜ್ ಫೋಟೊದಲ್ಲಿ ಕೋಟು, ಟೈ ಹಾಕಿದ್ದೀರಿ?’ ಅಂದೆ. ಸುಮಾರು ಕೈ ಎದ್ದವು. ‘ಆ ಕೋಟು ಯಾರ ಮನೇಲಿದೆ?’ ಅಂದಾಗ ನಗು. ಕೋಟು ಸ್ಟುಡಿಯೊದವನ ಕಂಪ್ಯೂಟರಿನಲ್ಲಿದೆ. ಟೀ ಶರ್ಟ್‌ನಲ್ಲಿ ಹೋದವನ ಕತ್ತಿನ ಕೆಳಗೆ ಅವನು ಅದನ್ನು ಅಂಟಿಸುತ್ತಾನೆ. ಹಾಗೆಯೇ ನಮ್ಮ ಊರುಗಳ ಎಷ್ಟೋ ನಡುಮನೆಗಳಲ್ಲಿ ಅಜ್ಜ ಅಜ್ಜಿಯ ಜೋಡಿ ಫೋಟೊ ಇರುತ್ತದೆ. ಅವರಿಬ್ಬರೂ ಬದುಕಿದ್ದಾಗ ಒಟ್ಟಿಗೆ ಫೋಟೊ ತೆಗೆಸಿಕೊಂಡಿರುವುದೇ ಇಲ್ಲ. ಅಜ್ಜನ ಮುಖ ರೇಷನ್ ಕಾರ್ಡಿನಿಂದ, ಅಜ್ಜಿಯದು ಯಾರದೋ ಮದುವೆ ಗ್ರೂಪ್ ಫೋಟೊದಿಂದ, ಮೈ ಇನ್ಯಾರದೋ. ಅದಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚುತ್ತೇವೆ. ಯಾರಿಗೂ ಮೋಸ ಆಗಿಲ್ಲ. ಏಕೆಂದರೆ ಮನೆಯವರಿಗೆಲ್ಲ ಗೊತ್ತು, ಮಾಡಿದವನು ಯಾರು, ಯಾವ ಫೋಟೊದಿಂದ ಮಾಡಿದ, ಏಕೆ ಮಾಡಿದ ಅಂತ.

ಅಂದರೆ ಮುಖ ಬದಲಾಯಿಸುವುದು ನಮಗೆ ಹೊಸದಲ್ಲ. ಆ ಮೂರು ಸಂಗತಿ ಗೊತ್ತಿಲ್ಲದ ಫೈಲು ನಮ್ಮ ಫೋನಿಗೆ ಬಂದು ಬೀಳುತ್ತಿರುವುದು ಹೊಸದು. ಅಲ್ಲಿಂದ ಮುಂದಕ್ಕೆ ಹೋಗಲು, ಈಗಿನ ಮುಖ ಬದಲಾವಣೆ ಹೇಗೆ ನಡೆಯುತ್ತದೆ ಅನ್ನುವುದನ್ನು ಅವರಿಗೆ ಬಿಡಿಸಿ ಹೇಳಬೇಕಿತ್ತು.

2017ರ ಕೊನೆಗೆ ‘ಡೀಪ್‌ಫೇಕ್’ ಅನ್ನುವ ಹೆಸರು ಹುಟ್ಟಿದಾಗ ಇದಕ್ಕೆ ಶ್ರಮ ಬೇಕಿತ್ತು. ಇಬ್ಬರ ಮುಖದ ನೂರಾರು, ಕೆಲವೊಮ್ಮೆ ಸಾವಿರಾರು ಚಿತ್ರ ಹಾಕಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ತರಬೇತಿ ಕೊಡಬೇಕಿತ್ತು. ಹಾಗಾಗಿ ಬಲಿಯಾಗುತ್ತಿದ್ದವರು ಹೆಚ್ಚಾಗಿ ನಟಿಯರು. ಅವರ ಚಿತ್ರಗಳು ಬೇಕಾದಷ್ಟು ಸಿಗುತ್ತಿದ್ದವು. ಆಮೇಲೆ ಬಂದ ಮಾದರಿಗಳಿಗೆ ಒಂದೇ ಒಂದು ಫೋಟೊ ಸಾಕು. ನಿಮ್ಮ ವಾಟ್ಸ್‌ಆ್ಯಪ್ ಡಿಪಿ ಸಾಕು. ಈ ಮಾತಿಗೆ ಮುಂದಿನ ಸಾಲಿನ ಇಬ್ಬರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಪ್ಪತ್ತು ಸೆಕೆಂಡಿನ ವಿಡಿಯೊ ಅಂದುಕೊಳ್ಳಿ. ಸೆಕೆಂಡಿಗೆ 30 ಚಿತ್ರದಂತೆ ಅದರಲ್ಲಿ 600 ಫ್ರೇಮ್ ಇರುತ್ತವೆ. ಪ್ರೋಗ್ರಾಂ ಪ್ರತಿ ಫ್ರೇಮಿನಲ್ಲೂ ಮೊದಲು ಮುಖ ಎಲ್ಲಿದೆ ಅಂತ ಹುಡುಕುತ್ತದೆ. ಕಣ್ಣು, ಮೂಗಿನ ತುದಿ, ಬಾಯಿಯ ಅಂಚುಗಳನ್ನು ಗುರುತು ಹಾಕಿಕೊಂಡು, ಮುಖವನ್ನು ನೆಟ್ಟಗೆ ತಿರುಗಿಸಿ ಚೌಕಾಕಾರದಲ್ಲಿ ಕತ್ತರಿಸುತ್ತದೆ. ಇತ್ತ ನಿಮ್ಮ ಡಿಪಿಯನ್ನು ಇನ್ನೊಂದು ಮಾದರಿ ಓದಿ, ‘ಈ ಮನುಷ್ಯ ಯಾರು’ ಅನ್ನುವುದನ್ನು ಸಾಮಾನ್ಯವಾಗಿ 512 ಸಂಖ್ಯೆಗಳ ಒಂದು ಪಟ್ಟಿಯಾಗಿ ಮಾಡಿಟ್ಟುಕೊಳ್ಳುತ್ತದೆ. ಆ ಸಂಖ್ಯೆಗಳಲ್ಲಿ ನಗು ಇಲ್ಲ, ಬೆಳಕಿಲ್ಲ, ಗುರುತು ಮಾತ್ರ ಇದೆ. ಈಗ ಕತ್ತರಿಸಿದ ಮುಖದಿಂದ ನಗು, ಬೆಳಕು, ಕತ್ತಿನ ಓರೆ ಇವನ್ನು ಉಳಿಸಿಕೊಂಡು, ಗುರುತನ್ನು ಮಾತ್ರ ನಿಮ್ಮದಕ್ಕೆ ಬದಲಾಯಿಸಿ, ಮತ್ತೆ ಅದೇ ಜಾಗಕ್ಕೆ ಅಂಟಿಸುತ್ತದೆ. ಅಂಚಿನ ಗೆರೆ ಕಾಣದಂತೆ ಉಜ್ಜುತ್ತದೆ. ಹೀಗೆ 600 ಸಲ.

ಕೂದಲು, ಕಿವಿ, ಕತ್ತು, ಕೈ, ಬಟ್ಟೆ, ಹಿಂದಿನ ಗೋಡೆ ಯಾವುದೂ ಬದಲಾಗುವುದಿಲ್ಲ ಅನ್ನುವುದನ್ನು ಗಮನಿಸಿ. ಹುಬ್ಬಿನಿಂದ ಗಲ್ಲದವರೆಗಿನ ಒಂದು ಮುಖವಾಡ ಮಾತ್ರ ಹೊಸದು. ಯಕ್ಷಗಾನದ ವೇಷಕ್ಕಿಂತ ಇದು ಚಿಕ್ಕ ವೇಷ. ಹಾಗಾಗಿ ಮುಖ ಬದಲಿಸಿದ ಪ್ರತಿ ವಿಡಿಯೊದ ಹಿಂದೆ ಇನ್ನೊಬ್ಬರ ಮೈ ಇರುವ ಒಂದು ಮೂಲ ವಿಡಿಯೊ ಇದ್ದೇ ಇರುತ್ತದೆ. ಈ ಮಾತನ್ನು ಬೋರ್ಡಿನ ಮೇಲೆ ಬರೆದೆ. ಇಡೀ ಭಾಷಣದಲ್ಲಿ ಬೋರ್ಡಿನ ಮೇಲೆ ಬರೆದದ್ದು ಅದೊಂದೇ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಅರಕಲಗೂಡು ದಾಟಿದರೆ ಕೊಡಗು. ಅಲ್ಲಿನ ವಿರಾಜಪೇಟೆಯ ಹುಡುಗಿ ರಶ್ಮಿಕಾ ಮಂದಣ್ಣ. 2023ರ ನವೆಂಬರ್ ಮೊದಲ ವಾರದಲ್ಲಿ ಅವರು ಕಪ್ಪು ಬಟ್ಟೆ ತೊಟ್ಟು ಲಿಫ್ಟಿನೊಳಗೆ ಬರುವಂತಿದ್ದ ವಿಡಿಯೊ ಎಲ್ಲರ ಫೋನಿಗೂ ಬಂತು. ಸಭಾಂಗಣದಲ್ಲಿ ಅದನ್ನು ನೋಡದವರು ಇರಲಿಲ್ಲ. ಅದನ್ನು ನಾನು ಪರದೆ ಮೇಲೆ ತೋರಿಸಲಿಲ್ಲ. ಸಂಬಂಧಪಟ್ಟ ಇಬ್ಬರು ಹೆಣ್ಣುಮಕ್ಕಳೂ ಬೇಸರ ಹೇಳಿಕೊಂಡ ಮೇಲೆ ಅದನ್ನು ಮತ್ತೆ ಓಡಿಸುವ ಹಕ್ಕು ನನಗಿಲ್ಲ. ಬಾಯಲ್ಲೇ ಹೇಳಿದೆ.

ಒಬ್ಬ ಫ್ಯಾಕ್ಟ್‌ಚೆಕ್ ಪತ್ರಕರ್ತರು ಅದರಲ್ಲಿ ತೋರಿಸಿಕೊಟ್ಟ ಜಾಗ ಮೊದಲ ಸೆಕೆಂಡು. ಆಕೆ ಲಿಫ್ಟಿನ ಬಾಗಿಲಿನಿಂದ ಒಳಗೆ ಬರುವಾಗ ಒಂದು ಕ್ಷಣ ಬೇರೆ ಹೆಂಗಸಿನ ಮುಖ ಕಾಣುತ್ತದೆ. ಒಳಗೆ ಬಂದು ನೆಟ್ಟಗಾದ ತಕ್ಷಣ ಅದು ರಶ್ಮಿಕಾ ಮುಖವಾಗುತ್ತದೆ. ಮೇಲೆ ಹೇಳಿದ ಕ್ರಮವನ್ನು ನೆನಪಿಸಿಕೊಂಡರೆ ಇದಕ್ಕೆ ಕಾರಣವನ್ನು ಊಹಿಸಬಹುದು. ಪ್ರತಿ ಫ್ರೇಮಿನಲ್ಲೂ ಮೊದಲ ಕೆಲಸ ಮುಖ ಹುಡುಕುವುದು. ಬಾಗಿಲ ಅಂಚಿನಲ್ಲಿ ಮುಖ ಅರ್ಧ ಮಾತ್ರ ಕಂಡರೆ, ಓರೆಯಾಗಿದ್ದರೆ, ಹುಡುಕುವ ಪ್ರೋಗ್ರಾಂಗೆ ‘ಇಲ್ಲಿ ಮುಖ ಇದೆ’ ಅಂತ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಅಂಟಿಸುವುದೂ ಇಲ್ಲ, ಆ ಫ್ರೇಮಿನಲ್ಲಿ ಮೂಲದ ಮುಖವೇ ಉಳಿಯುತ್ತದೆ. ಮುಖದ ಮುಂದೆ ಕೈ ಬಂದಾಗ, ಪೂರ್ತಿ ಪಕ್ಕಕ್ಕೆ ತಿರುಗಿದಾಗ ಮುಖ ಕಲಕಿದಂತೆ ಕಾಣುವುದಕ್ಕೂ ಇದೇ ಕಾರಣ.

ಇನ್ನೊಂದು ಕುರುಹು ಚರ್ಮ. ಬಹಳ ಬಳಕೆಯಲ್ಲಿದ್ದ ಒಂದು ಮಾದರಿ ಮುಖವನ್ನು ಉದ್ದ 128, ಅಗಲ 128 ಚುಕ್ಕೆಗಳಷ್ಟೇ ದೊಡ್ಡದಾಗಿ ತಯಾರಿಸುತ್ತದೆ. ವಿಡಿಯೊದಲ್ಲಿ ಮುಖ ಅದರ ಮೂರು ಪಟ್ಟು ದೊಡ್ಡದಿದ್ದರೆ ಹಿಗ್ಗಿಸಬೇಕು, ಹಿಗ್ಗಿಸಿದರೆ ಮಸುಕಾಗುತ್ತದೆ. ಮಸುಕು ಹೋಗಲಿ ಅಂತ ಇನ್ನೊಂದು ಮಾದರಿ ಹಚ್ಚಿ ನುಣುಪು ಮಾಡುತ್ತಾರೆ. ಆಗ ಮುಖ ಕ್ರೀಮಿನ ಜಾಹೀರಾತಿನಂತೆ, ಕತ್ತು ಮಾತ್ರ ಮನುಷ್ಯರ ಕತ್ತಿನಂತೆ ಉಳಿಯುತ್ತದೆ.

‘ಹಂಗಾದ್ರೆ ಕತ್ತು ನೋಡಿದ್ರೆ ಸಾಕಾ ಸಾರ್?’ ಅಂತ ಒಬ್ಬ ಕೇಳಿದ.

ಸಾಕಾಗುವುದಿಲ್ಲ. ಇಂಥ ಉಪಾಯಗಳ ಆಯಸ್ಸು ಕಡಿಮೆ. 2018ರ ಸುಮಾರಿಗೆ ‘ಡೀಪ್‌ಫೇಕ್ ಮುಖ ಸರಿಯಾಗಿ ಕಣ್ಣು ಮಿಟುಕಿಸುವುದಿಲ್ಲ’ ಅನ್ನುತ್ತಿದ್ದರು. ಕಣ್ಣು ಮುಚ್ಚಿದ ಚಿತ್ರಗಳನ್ನೂ ತರಬೇತಿಗೆ ಹಾಕಿದ ಮೇಲೆ ಅದು ಮಿಟುಕಿಸತೊಡಗಿತು. ಅದಕ್ಕಿಂತ ದೊಡ್ಡ ತೊಂದರೆ ವಾಟ್ಸ್‌ಆ್ಯಪ್. ಕಳಿಸುವಾಗ ಅದು ವಿಡಿಯೊವನ್ನು ಕುಗ್ಗಿಸುತ್ತದೆ. ನಾಲ್ಕು ಗುಂಪು ಸುತ್ತಿ ಬಂದ ವಿಡಿಯೊದಲ್ಲಿ ನಿಜವಾದ ಮುಖವೂ ಮಸುಕಾಗಿರುತ್ತದೆ, ನಕಲಿ ಮುಖದ ತಪ್ಪೂ ಮಸುಕಾಗಿರುತ್ತದೆ. ಕಣ್ಣಿಗೆ ಅನುಮಾನ ಬಂದದ್ದು ಮುಖ ಬದಲಾಯಿಸಿದ್ದರಿಂದಲೋ, ವಿಡಿಯೊ ಕುಗ್ಗಿಸಿದ್ದರಿಂದಲೋ ಹೇಳಲಾಗುವುದಿಲ್ಲ. ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗಳೂ ಇಲ್ಲೇ ಎಡವುತ್ತವೆ.

ರಶ್ಮಿಕಾ ಪ್ರಕರಣದಲ್ಲಿ ಅನುಮಾನ ಹುಟ್ಟಿಸಿದ್ದು ಲಿಫ್ಟಿನ ಬಾಗಿಲು. ಅನುಮಾನವನ್ನು ಮುಗಿಸಿದ್ದು ಬೇರೆ. ಬ್ರಿಟನ್ನಿನ ಭಾರತೀಯ ಮೂಲದ ಒಬ್ಬ ಯುವತಿ ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಮಿಗೆ ಹಾಕಿದ್ದ ಮೂಲ ವಿಡಿಯೊ ಸಿಕ್ಕಿತು. ಅದೇ ಲಿಫ್ಟು, ಅದೇ ಬಟ್ಟೆ, ಅದೇ ನಡಿಗೆ, ಮುಖ ಮಾತ್ರ ಆಕೆಯದು. ಎರಡನ್ನೂ ಪಕ್ಕಪಕ್ಕ ಇಟ್ಟ ಮೇಲೆ ವಾದಕ್ಕೆ ಜಾಗವೇ ಇರಲಿಲ್ಲ. ನವೆಂಬರ್ 10ರಂದು ದೆಹಲಿ ಪೊಲೀಸರು ಎಫ್‌ಐಆರ್ ಹಾಕಿದರು. 2024ರ ಜನವರಿ 20ರಂದು ಆಂಧ್ರದ ಗುಂಟೂರಿನವನೊಬ್ಬನನ್ನು ಬಂಧಿಸಿದರು. ವಯಸ್ಸು 24, ಓದಿದ್ದು ಬಿ.ಟೆಕ್. ರಶ್ಮಿಕಾ ಹೆಸರಿನ ಫ್ಯಾನ್ ಪೇಜ್ ನಡೆಸುತ್ತಿದ್ದ, ಫಾಲೋವರ್ಸ್ ಹೆಚ್ಚಲಿ ಅಂತ ಮಾಡಿದ ಅಂತ ಪೊಲೀಸರು ಹೇಳಿದರು. ಎರಡು ವಾರದಲ್ಲಿ 90 ಸಾವಿರ ಇದ್ದದ್ದು 1 ಲಕ್ಷದ 8 ಸಾವಿರ ಆಗಿತ್ತಂತೆ. ಹದಿನೆಂಟು ಸಾವಿರ ಜನಕ್ಕೋಸ್ಕರ! ಈ ಭಾಗ ಹೇಳುವಾಗ ಎಂಜಿನಿಯರಿಂಗ್ ಹುಡುಗರ ಸಾಲು ಸ್ವಲ್ಪ ತಣ್ಣಗಾಯಿತು.

ಇಲ್ಲಿಯವರೆಗಿನದು ಸುಲಭದ ಭಾಗ. ಸುಳ್ಳನ್ನು ನಿಜ ಅಂತ ನಂಬಿಸಿದ ಕಥೆ. ಸಂಘಟಕರು ನನ್ನಿಂದ ಬಯಸಿದ್ದೂ ಬಹುಶಃ ಇಷ್ಟೇ. ಆದರೆ ಹಾಸನಕ್ಕೆ ಬಂದು ಇದರ ಇನ್ನೊಂದು ಮುಖ ಹೇಳದೆ ಹೋದರೆ ಬಂದದ್ದೇ ದಂಡ ಅನ್ನಿಸಿತ್ತು. ನಿಜವನ್ನು ಸುಳ್ಳು ಅನ್ನುವ ಕಥೆ. ಅದು ನಡೆದದ್ದು ಇದೇ ಜಿಲ್ಲೆಯಲ್ಲಿ.

ಹೆಸರು ಹೇಳುವ ಮೊದಲೇ ಎಲ್ಲರಿಗೂ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ‘ರಾಜಕೀಯ ಮಾತಾಡೋಕೆ ಬಂದಿಲ್ಲ, ಫೈಲುಗಳ ಬಗ್ಗೆ ಮಾತಾಡೋಕೆ ಬಂದಿದ್ದೀನಿ’ ಅಂದೆ. ಯಾರಿಗೆ ಓಟು ಹಾಕಿದಿರಿ ಅನ್ನುವುದು ನನಗೆ ಬೇಡ. ಆ ವಿಡಿಯೊಗಳ ಬಗ್ಗೆ ನಿಮ್ಮ ಊರಿನಲ್ಲಿ ಜನ ಮೊದಲು ಏನಂದರು, ಅದು ಬೇಕು.

ಹೊಳೆನರಸೀಪುರ ಕಡೆಯ ಒಬ್ಬ ಹುಡುಗ ಎದ್ದು ನಿಂತ. ‘ಮೊದಲು ಎಲ್ರೂ ಅದೇ ಅಂದಿದ್ದು ಸಾರ್. ಅದು ಮಾರ್ಫಿಂಗ್ ಬಿಡಿ, ಎಲೆಕ್ಷನ್ ಟೈಮಲ್ಲಿ ಇವೆಲ್ಲ ಇದ್ದಿದ್ದೇ ಅಂತ.’

ಹೌದು, ಹಾಗೆಯೇ ಆಗಿತ್ತು. ಆ ಪದ ಬಂದದ್ದು ವಿಡಿಯೊಗಳು ಹೊರಬೀಳುವುದಕ್ಕೂ ಮೊದಲು. 2023ರ ಜೂನ್‌ನಲ್ಲೇ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ, ತಮ್ಮ ವಿರುದ್ಧ ಸುಳ್ಳು, ತಿರುಚಿದ ವಿಡಿಯೊಗಳು ಬರಬಹುದು ಎಂದು ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದಿದ್ದರು. 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಇರುವಾಗ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವರ ಚುನಾವಣಾ ಏಜೆಂಟ್ ಪೊಲೀಸರಿಗೆ ಕೊಟ್ಟ ದೂರಿನಲ್ಲೂ ಇದ್ದದ್ದು ಅದೇ ಮಾತು, ಮಾರ್ಫ್ ಮಾಡಿದ ವಿಡಿಯೊ ಹಂಚಿ ಹೆಸರು ಕೆಡಿಸುತ್ತಿದ್ದಾರೆ ಅಂತ.

ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರು, ಬಾಬಿ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್, ಇಂಥದ್ದು ಬರುತ್ತದೆ ಅಂತ ಮೊದಲೇ ಬರೆದಿದ್ದರು. ಅದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಸುಳ್ಳುಗಾರನ ಲಾಭಾಂಶ’ ಅನ್ನಬಹುದು. ಊರಲ್ಲಿ ಖೋಟಾ ನೋಟು ಹೆಚ್ಚಾದರೆ ಏನಾಗುತ್ತದೆ? ಅಂಗಡಿಯವನು ಅಸಲಿ ನೋಟನ್ನೂ ಬೇಡ ಅನ್ನುತ್ತಾನೆ. ಹಾಗೆಯೇ ನಕಲಿ ವಿಡಿಯೊ ಬಗ್ಗೆ ಜನರಲ್ಲಿ ತಿಳಿವಳಿಕೆ ಹೆಚ್ಚಿದಷ್ಟೂ, ಅಸಲಿ ವಿಡಿಯೊದಲ್ಲಿ ಸಿಕ್ಕಿಬಿದ್ದವನಿಗೆ ‘ಅದು ನಾನಲ್ಲ’ ಅನ್ನುವುದು ಸಲೀಸಾಗುತ್ತದೆ. ನನ್ನಂಥವರು ಕಾಲೇಜಿಗೆ ಹೋಗಿ ‘ಯಾವ ವಿಡಿಯೊವನ್ನೂ ನಂಬಬೇಡಿ’ ಅಂತ ಭಾಷಣ ಬಿಗಿದು ಬರುವುದರಿಂದ ಯಾರಿಗೆ ಅನುಕೂಲ ಅನ್ನುವುದನ್ನು ಯೋಚಿಸಿ. ಆ ಕಾರಣಕ್ಕೇ ನಾನು ಆ ವಾಕ್ಯ ಹೇಳುವುದಿಲ್ಲ.

ಹಾಗಾದರೆ ಹಾಸನದ ಪ್ರಕರಣದಲ್ಲಿ ಈ ವಾದ ಹೇಗೆ ಬಿತ್ತು? ಬೋರ್ಡಿನ ಮೇಲೆ ಬರೆದಿದ್ದ ವಾಕ್ಯಕ್ಕೆ ವಾಪಸ್ ಬಂದೆ. ಮುಖ ಅಂಟಿಸಿದ್ದಾರೆ ಅನ್ನುವುದಾದರೆ, ಅಂಟಿಸುವ ಮೊದಲಿನ ಮೂಲ ವಿಡಿಯೊ ಎಲ್ಲೋ ಇರಬೇಕು. ಅದು ಸಿಗಲಿಲ್ಲ ಅಂದ ಮಾತ್ರಕ್ಕೆ ವಿಡಿಯೊ ಅಸಲಿ ಅಂತ ಆಗುವುದಿಲ್ಲ. ಮೂಲ ಯಾರದೋ ಫೋನಿನಲ್ಲಿ ಗುಟ್ಟಾಗಿ ಇರಬಹುದು. ಈಚೆಗೆ ಮೂಲವೇ ಇಲ್ಲದೆ ಪೂರ್ತಿ ವಿಡಿಯೊ ಹುಟ್ಟಿಸುವ ಮಾದರಿಗಳೂ ಬಂದಿವೆ. ಹಾಗಾಗಿ ತನಿಖೆ ಬೇರೆ ದಾರಿಯಲ್ಲಿ ನಡೆಯಬೇಕಾಗುತ್ತದೆ. ವಿಶೇಷ ತನಿಖಾ ತಂಡ ವಿಡಿಯೊಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿತು. ತಿದ್ದಿದ, ಮಾರ್ಫ್ ಮಾಡಿದ ವಿಡಿಯೊಗಳಲ್ಲ ಅಂತ ವರದಿ ಬಂತು.

ಪ್ರಯೋಗಾಲಯದವರು ನಮ್ಮಂತೆ ಕಣ್ಣು ಮಿಟುಕಿಸುವುದನ್ನು ನೋಡುತ್ತಾ ಕೂರುವುದಿಲ್ಲ. ಸಾಮಾನ್ಯವಾಗಿ ಇಂಥ ಪರೀಕ್ಷೆಯಲ್ಲಿ ಫೈಲಿನ ಒಳರಚನೆ ಫೋನಿನ ಕ್ಯಾಮೆರಾ ಬರೆಯುವ ಕ್ರಮದಲ್ಲಿದೆಯೋ, ಎಡಿಟಿಂಗ್ ಸಾಫ್ಟ್‌ವೇರ್ ಮತ್ತೆ ಬರೆದ ಗುರುತಿದೆಯೋ ಅಂತ ನೋಡುತ್ತಾರೆ. ಪ್ರತಿ ಕ್ಯಾಮೆರಾದ ಸೆನ್ಸರ್‌ಗೂ ಅದರದ್ದೇ ಒಂದು ಸೂಕ್ಷ್ಮ ಕಲೆಯ ವಿನ್ಯಾಸ ಇರುತ್ತದೆ, ಬೆರಳಚ್ಚು ಇದ್ದ ಹಾಗೆ. ಮುಖದ ಭಾಗದಲ್ಲಿ ಮಾತ್ರ ಆ ವಿನ್ಯಾಸ ಮಾಯವಾಗಿದ್ದರೆ ಅಲ್ಲಿ ಏನೋ ಅಂಟಿಸಿದ್ದಾರೆ ಅಂತ ಅರ್ಥ. ಆದರೆ ಪ್ರತಿ ಸಲ ಕುಗ್ಗಿಸಿದಾಗಲೂ ಈ ಗುರುತು ಅಳಿಯುತ್ತಾ ಹೋಗುತ್ತದೆ. ಮೂಲಕ್ಕೆ ಹತ್ತಿರದ ಫೈಲು ಸಿಕ್ಕಷ್ಟೂ ಉತ್ತರ ಗಟ್ಟಿ, ಫಾರ್ವರ್ಡ್ ಆದ ಫೈಲು ಸಿಕ್ಕಷ್ಟೂ ಉತ್ತರ ಸಡಿಲ.

ಇಷ್ಟಿದ್ದರೂ ಕೇಸು ಬರೀ ವಿಡಿಯೊ ಮೇಲೆ ನಿಲ್ಲಲಿಲ್ಲ. ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಮಹಿಳೆ ನ್ಯಾಯಾಲಯದಲ್ಲಿ ನಿಂತು ಸಾಕ್ಷ್ಯ ಹೇಳಿದರು. ಆಕೆಯ ಸೀರೆ ಸಿಕ್ಕಿತ್ತು, ಅದರ ಮೇಲಿನ ಡಿಎನ್‌ಎ ಪರೀಕ್ಷೆ ನಡೆಯಿತು. ಹೇಳಿಕೆ, ಸೀರೆ, ವಿಡಿಯೊ ಮೂರೂ ಒಂದೇ ಕಡೆ ಕೈ ತೋರಿಸಿದವು. 2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಪ್ರಜ್ವಲ್ ಅಪರಾಧಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಆರೋಪಗಳನ್ನು ನಿರಾಕರಿಸುತ್ತಲೇ ಬಂದ ಅವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದರು. ಉಳಿದ ಪ್ರಕರಣಗಳು ಬೇರೆ. ಸೀರೆಯನ್ನು ಮಾರ್ಫ್ ಮಾಡಲು ಬರುವುದಿಲ್ಲ ಅಂತ ನಾನು ಅಂದಾಗ ಯಾರೂ ನಗಲಿಲ್ಲ, ನಗಲಿ ಅಂತ ಹೇಳಿದ್ದೂ ಅಲ್ಲ.

ಆ ಏಪ್ರಿಲ್‌ನಲ್ಲಿ ನಿಜಕ್ಕೂ ಬೆಲೆ ತೆತ್ತವರು ಯಾರು ಅಂತ ಆಮೇಲೆ ಕೇಳಿದೆ. ಪೆನ್‌ಡ್ರೈವ್ ಹಂಚಿದವರು ಹೆಣ್ಣುಮಕ್ಕಳ ಮುಖ ಮರೆಮಾಡುವ ಗೋಜಿಗೆ ಹೋಗಿರಲಿಲ್ಲ. ‘ಮಾರ್ಫಿಂಗ್’ ಅಂದವರೂ ಆ ಕ್ಲಿಪ್ ನೋಡಿದರು, ‘ನಿಜ’ ಅಂದವರೂ ನೋಡಿದರು, ಇಬ್ಬರೂ ಫಾರ್ವರ್ಡ್ ಮಾಡಿದರು. ಗಂಡಸಿಗೆ ‘ಅದು ನಾನಲ್ಲ’ ಅನ್ನುವ ಬಾಗಿಲು ತೆರೆದೇ ಇತ್ತು. ಆ ಹೆಂಗಸರಿಗೆ ಯಾವ ಬಾಗಿಲಿತ್ತು? ವಿಡಿಯೊ ನಕಲಿ ಅಂದರೆ ತನಗೆ ಆದ ಅನ್ಯಾಯವೇ ಸುಳ್ಳಾಗುತ್ತದೆ. ಅಸಲಿ ಅಂದರೆ ಊರ ಬಾಯಿಗೆ ಸಿಕ್ಕಿಬೀಳಬೇಕು. ಅಂಥದ್ದರಲ್ಲಿ ದೂರು ಕೊಡಲು ಮುಂದೆ ಬಂದವರ ಧೈರ್ಯ ದೊಡ್ಡದು. ಅಂಥ ವಿಡಿಯೊ ನಿಜವೋ ನಕಲಿಯೋ ಅಂತ ತೀರ್ಮಾನಿಸುವ ತನಕ ಇಟ್ಟುಕೊಳ್ಳುತ್ತೇನೆ ಅನ್ನುವುದಕ್ಕೂ ಅರ್ಥವಿಲ್ಲ. ಲೈಂಗಿಕ ದೃಶ್ಯ ಹಂಚುವುದು ಐಟಿ ಕಾಯ್ದೆಯ 67ಎ ಕಲಂ ಪ್ರಕಾರ ಅಪರಾಧ. ಮುಖ ಅಸಲಿಯೋ ಅಂಟಿಸಿದ್ದೋ ಅಂತ ಆ ಕಲಂ ಕೇಳುವುದಿಲ್ಲ.

ಪ್ರಶ್ನೆಯ ಹೊತ್ತು ಬಂತು. ಹುಡುಗರು ಯಾವ ಆ್ಯಪ್, ಯಾವ ಗ್ರಾಫಿಕ್ಸ್ ಕಾರ್ಡ್ ಅಂತ ಕೇಳಿದರು, ಬೇಗ ಉತ್ತರಿಸಿ ಮುಂದೆ ಹೋದೆ. ಅರಕಲಗೂಡಿನ ಕಡೆಯ ಒಬ್ಬ ಹುಡುಗಿ ಮೈಕ್ ಬೇಡ ಅಂದು ಹಾಗೆಯೇ ಕೇಳಿದಳು. ‘ಸಾರ್, ನನ್ ಮುಖ ಹಾಕಿ ಯಾರಾದ್ರೂ ಮಾಡಿದ್ರೆ, ಅದು ನಾನಲ್ಲ ಅಂತ ನಾನು ಹೇಳಿದ್ರೂ, ನೀವು ಈಗ ಹೇಳಿದ್ರಲ್ಲ, ಸುಳ್ಳುಗಾರರೂ ಹಂಗೇ ಹೇಳ್ತಾರೆ ಅಂತ. ನನ್ನ ಯಾರು ನಂಬ್ತಾರೆ?’

ಇಡೀ ಮಧ್ಯಾಹ್ನದ ಒಳ್ಳೆಯ ಪ್ರಶ್ನೆ ಅದು. ಸುಳ್ಳುಗಾರ ತೆಗೆದುಕೊಂಡ ಲಾಭದ ನಷ್ಟ ಬೀಳುವುದು ಇವಳ ತಲೆ ಮೇಲೆ. ನಾನು ಕೊಟ್ಟ ಉತ್ತರ ಪೂರ್ತಿ ಸಮಾಧಾನದ್ದಲ್ಲ, ಆದರೆ ಕೆಲಸಕ್ಕೆ ಬರುವಂಥದ್ದು. ‘ನಾನಲ್ಲ’ ಅನ್ನುವ ಮಾತನ್ನು ಬರೀ ಮಾತಾಗಿ ಬಿಡಬಾರದು. ವಿಡಿಯೊ ಬಂದ ತಕ್ಷಣ ಗಾಬರಿಯಲ್ಲಿ ಅಳಿಸಬೇಡ. ಕಳಿಸಿದ ನಂಬರ್, ಲಿಂಕ್, ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗಿ. ಅದರಲ್ಲಿರುವ ಮೈ ಇನ್ನೊಬ್ಬರದು, ಅಂದರೆ ಮೂಲ ಎಲ್ಲೋ ಇದೆ. ಮುಖ ಕಾಣದ ಒಂದು ಫ್ರೇಮನ್ನು, ಹಿಂದಿನ ಗೋಡೆ, ಮಂಚ, ಬಟ್ಟೆ ಇರುವಂಥದ್ದನ್ನು, ಕತ್ತರಿಸಿ ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ. ಮುಖ ಇಟ್ಟು ಹುಡುಕಿದರೆ ನಿನ್ನ ಫೋಟೊಗಳೇ ಬರುತ್ತವೆ, ಅದರಿಂದ ಪ್ರಯೋಜನ ಇಲ್ಲ. ನಿನ್ನ ಯಾವ ಫೋಟೊದಿಂದ ಮುಖ ತೆಗೆದಿದ್ದಾರೆ ಅನ್ನುವುದು ನಿನಗೆ ಗುರುತು ಸಿಗಬಹುದು. ಆ ಫೋಟೊ ಯಾರ ಬಳಿ ಇತ್ತು ಅನ್ನುವುದು ಪೊಲೀಸರಿಗೆ ಒಂದು ದಾರಿ.

ಸೈಬರ್ ಪೊಲೀಸರಲ್ಲಿ, ಇಲ್ಲವೇ cybercrime.gov.in ಅಲ್ಲಿ ದೂರು ಕೊಡಬಹುದು. ಇಂಥ ದೃಶ್ಯಗಳ ಬಗ್ಗೆ ಸಂತ್ರಸ್ತರು ದೂರು ಕೊಟ್ಟರೆ, ಮಾರ್ಫ್ ಮಾಡಿದ್ದನ್ನೂ ಸೇರಿಸಿ, 2 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕು ಅಂತ 2021ರ ಐಟಿ ನಿಯಮಗಳು ಜಾಲತಾಣಗಳಿಗೆ ಹೇಳಿವೆ. 18 ದಾಟಿದವರಿಗೆ StopNCII.org ಅನ್ನುವ ಉಚಿತ ಸೇವೆಯೂ ಇದೆ. ಅಲ್ಲಿಗೆ ವಿಡಿಯೊ ಕಳಿಸಬೇಕಿಲ್ಲ. ನಿನ್ನ ಫೋನಿನಲ್ಲೇ ಅದರ ಒಂದು ಸಂಖ್ಯಾ ಗುರುತು ತಯಾರಾಗಿ, ಆ ಗುರುತು ಮಾತ್ರ ಹೋಗುತ್ತದೆ. ಸೇರಿಕೊಂಡಿರುವ ಜಾಲತಾಣಗಳು ಅದಕ್ಕೆ ಹೊಂದುವ ಫೈಲನ್ನು ತಡೆಯುತ್ತವೆ.

ಆ ‘ಗುರುತು’ ಏನು ಅಂತ ಅರ್ಥವಾಗಲಿ ಅಂತ ಒಂದು ಸಣ್ಣ ಪ್ರಯೋಗ ಮಾಡಿದೆವು. ಸಭಾಂಗಣದ ಗಡಿಯಾರವನ್ನು ಐದು ಸೆಕೆಂಡು ವಿಡಿಯೊ ಮಾಡಿ, ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಹಾಕಿ, ವಿಂಡೋಸ್‌ನಲ್ಲಿ ಹೀಗೆ ಬರೆದೆ:

```
certutil -hashfile clip.mp4 SHA256
```

64 ಅಕ್ಷರ, ಅಂಕಿಗಳ ಒಂದು ಸಾಲು ಬಂತು. ಅದೇ ವಿಡಿಯೊವನ್ನು ಒಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ, ಇನ್ನೊಬ್ಬ ಡಾಕ್ಯುಮೆಂಟ್ ಆಗಿ ಕಳಿಸಿದರು. ಡಾಕ್ಯುಮೆಂಟ್ ಆಗಿ ಬಂದದ್ದರ ಸಾಲು ಒಂದಕ್ಷರವೂ ಬದಲಾಗಿರಲಿಲ್ಲ. ಮಾಮೂಲಿಯಾಗಿ ಬಂದದ್ದರ ಸಾಲು ಪೂರ್ತಿ ಬೇರೆ, ಕಣ್ಣಿಗೆ ಗಡಿಯಾರ ಒಂದೇ ಥರ ಕಂಡರೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಸಾಲನ್ನೇ ಬರೆಯಬೇಕು. ಫೈಲು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ ಅನ್ನುವುದನ್ನು ಅದು ತೋರಿಸುತ್ತದೆ. ಅದರೊಳಗಿರುವುದು ನಿಜವೋ ಅನ್ನುವುದನ್ನು ತೋರಿಸುವುದಿಲ್ಲ. ನಕಲಿ ವಿಡಿಯೊಗೂ ಒಂದು ಅಚ್ಚುಕಟ್ಟಾದ ಸಾಲು ಬರುತ್ತದೆ.

‘ಹಂಗಾದ್ರೆ ನನಗೆ ಬಂದಿರೋದನ್ನ ಪೊಲೀಸರಿಗೆ ವಾಟ್ಸ್‌ಆ್ಯಪ್ ಮಾಡಬಾರದು’ ಅಂದಳು ಆ ಹುಡುಗಿ.

ಮಾಡಬಾರದು, ಫೋನನ್ನೇ ತೆಗೆದುಕೊಂಡು ಹೋಗಿ ತೋರಿಸಬೇಕು ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಕೇಳಿದಳು, ‘ಫೋನ್ ಎಷ್ಟು ದಿನ ಇಟ್ಕೋತಾರೆ ಸಾರ್? ನಮ್ಮನೇಲಿ ಇರೋದು ಒಂದೇ.’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಒಬ್ಬರು ಎದ್ದು, ‘ಅಂಥದ್ದೇನಾದ್ರೂ ಆದ್ರೆ ಮೊದಲು ನನ್ನ ಹತ್ರ ಬಾಮ್ಮ, ಸ್ಟೇಷನ್ನಿಗೆ ಇಬ್ಬರೂ ಹೋಗೋಣ’ ಅಂದರು. ಅಷ್ಟರಲ್ಲಿ ಹೊಳೆನರಸೀಪುರದ ರೈಲಿಗೆ ಹೊತ್ತಾಯಿತು ಅಂತ ಹಿಂದಿನ ಸಾಲಿನವರು ಬ್ಯಾಗ್ ಎತ್ತಿಕೊಳ್ಳುತ್ತಿದ್ದರು.